ಸೇವಾ ಪುಸ್ತಕ ಕಳೆದಾಗ ಸಂಬಳ ಚೀಟಿಯೇ ಸಾಕ್ಷಿ

ಕಚೇರಿ ಸ್ಥಳಾಂತರವಾಗುವಾಗ, ಗೋಡೆ ಸೋರಿ ಕಪಾಟು ನೆನೆದಾಗ, ಗೆದ್ದಲು ಹಿಡಿದಾಗ ಸೇವಾ ಪುಸ್ತಕಗಳು ಹಾಳಾಗುತ್ತವೆ. ಅದು ನೌಕರರಿಗೆ ಗೊತ್ತಾಗುವುದು ಹೆಚ್ಚಾಗಿ ಪಿಂಚಣಿ ಕಡತ ಮಹಾಲೇಖಪಾಲರ ಕಚೇರಿಗೆ ಹೊರಡುವ ಹೊತ್ತಿನಲ್ಲಿ. ಪುಸ್ತಕ ಹೋದ ಮಾತ್ರಕ್ಕೆ ಸೇವೆ ಹೋಗುವುದಿಲ್ಲ. ಅದನ್ನು ದಾಖಲೆಗಳಿಂದ ಮತ್ತೆ ಕಟ್ಟಬಹುದು.

ಒಬ್ಬರು 1999ರ ಆಗಸ್ಟ್‌ನಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿ ಸೇರಿ, 2003ರಲ್ಲಿ ಬೇರೆ ತಾಲೂಕಿಗೆ ವರ್ಗವಾದರು ಎಂದಿಟ್ಟುಕೊಳ್ಳೋಣ. ಎಚ್.ಆರ್.ಎಂ.ಎಸ್. ಬಂದ ಮೇಲಿನ ಸಂಬಳದ ವಿವರ ಗಣಕಯಂತ್ರದಲ್ಲಿ ಸಿಗುತ್ತದೆ. ತೊಡಕಿರುವುದು ಅದಕ್ಕೂ ಹಿಂದಿನ ವರ್ಷಗಳದು.

ಅವರ ಬಳಿ ಆ ಕಾಲದ ಎರಡೇ ಸಂಬಳ ಚೀಟಿಗಳಿವೆ. 1999ರ ನವೆಂಬರ್‌ನದರಲ್ಲಿ ಮೂಲ ವೇತನ 3000 ರೂಪಾಯಿ, 2002ರ ಸೆಪ್ಟೆಂಬರ್‌ನದರಲ್ಲಿ 3225. ವರ್ಷದ ಇಂಕ್ರಿಮೆಂಟ್ 75 ರೂಪಾಯಿಯಾದರೆ ನಡುವೆ ಮೂರು ಇಂಕ್ರಿಮೆಂಟ್ ಆಗಿವೆ. ಸೇವೆ ಮುರಿಯದೆ ನಡೆದಿದೆ ಎಂಬುದಕ್ಕೆ ಇದು ಬಲವಾದ ಆಧಾರ. ಎರಡನೆಯ ಚೀಟಿಯಲ್ಲಿ 3150 ಇದ್ದಿದ್ದರೆ ಒಂದು ಇಂಕ್ರಿಮೆಂಟ್ ತಡೆದಿರಬೇಕು ಅಥವಾ ಮುಂದೆ ಹೋಗಿರಬೇಕು. ಸಂಬಳರಹಿತ ರಜೆಯೋ ಶಿಸ್ತು ಕ್ರಮವೋ, ಆ ಆದೇಶವನ್ನು ಹುಡುಕಲೇಬೇಕು.

ಚೀಟಿ ಸಂಬಳ ಬಂದುದನ್ನು ತೋರಿಸುತ್ತದೆ. ಯಾವ ಹುದ್ದೆ, ಯಾವ ದಿನದಿಂದ ಎಂಬುದನ್ನು ಹೇಳುವುದು ಆದೇಶ. ಆದ್ದರಿಂದ ನೇಮಕಾತಿ ಆದೇಶದ ಜತೆ ಕೆಲಸಕ್ಕೆ ಹಾಜರಾದ ವರದಿ ಬೇಕು, ವರ್ಗಾವಣೆ ಆದೇಶದ ಜತೆ ಬಿಡುಗಡೆ ಆದೇಶ ಬೇಕು. ಹಳೆ ಕಚೇರಿ ಬಿಟ್ಟ ದಿನಕ್ಕೂ ಹೊಸ ಕಚೇರಿಗೆ ಹಾಜರಾದ ದಿನಕ್ಕೂ ನಡುವಿನ ಅವಧಿ ಸೇರಿಕೆ ಕಾಲವೋ ರಜೆಯೋ ಎಂದು ನಮೂದಾಗದಿದ್ದರೆ ಆಕ್ಷೇಪಣೆ ಅಲ್ಲೇ ಏಳುತ್ತದೆ.

ಆದೇಶ ಕೈಯಲ್ಲಿಲ್ಲವೇ? ಅದೇ ಕಾಲದ ಬೇರೆ ಆದೇಶವೊಂದರ ಕೊನೆಗೆ ‘ಪ್ರತಿಗಳು’ ಎಂಬ ತಲೆಬರಹದ ಕೆಳಗೆ ನೋಡಿ. ಮೇಲಧಿಕಾರಿ, ಖಜಾನೆ, ಹೊಸ ಕಚೇರಿ, ಕಚೇರಿ ಕಡತ ಎಂದು ಅಲ್ಲಿ ಬರೆದಿರುತ್ತದೆ. ನಿಮ್ಮ ಆದೇಶದ ಪ್ರತಿಯೂ ಅಂಥ ಕಡೆಗಳಿಗೇ ಹೋಗಿರುತ್ತದೆ. ಕಚೇರಿಯ ಹಳೆ ಸಂಬಳ ಬಿಲ್ಲುಗಳು, ಜ್ಯೇಷ್ಠತಾ ಪಟ್ಟಿ, ಸಾಮಾನ್ಯ ಭವಿಷ್ಯ ನಿಧಿಯ ವಾರ್ಷಿಕ ಲೆಕ್ಕಪತ್ರ, ಕೆ.ಜಿ.ಐ.ಡಿ. ಕಂತಿನ ಕಟಾವಣೆ ಪಟ್ಟಿ ಇವೂ ನೆರವಿಗೆ ಬರುತ್ತವೆ. ಯಾವುದೂ ಸಿಗದ ಅವಧಿಗೆ ಮಾತ್ರ ನೌಕರರ ಲಿಖಿತ ಹೇಳಿಕೆ ಮತ್ತು ಆಗ ಜತೆಗೆ ದುಡಿದವರ ಸಾಕ್ಷ್ಯದ ಮೊರೆ ಹೋಗಬೇಕು.

ಇಷ್ಟನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ, ಅರ್ಜಿಯೊಂದಿಗೆ ಕಚೇರಿ ಮುಖ್ಯಸ್ಥರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಜೆರಾಕ್ಸ್ ಪ್ರತಿಗಳಷ್ಟೇ ಸಾಲವು. ಕಚೇರಿ ಅವನ್ನು ತನ್ನ ದಾಖಲೆಯೊಂದಿಗೆ ತಾಳೆ ನೋಡಿ, ಹೊಸ ಪುಸ್ತಕದ ನಮೂದುಗಳಿಗೆ ಅಧಿಕಾರಿ ಸಹಿ ಹಾಕಿದಾಗಲೇ ಅವಕ್ಕೆ ಬೆಲೆ.

ಪುಸ್ತಕ ಸುರಕ್ಷಿತವಾಗಿದೆ ಎಂದುಕೊಂಡವರೂ ಒಮ್ಮೆ ಅದನ್ನು ಕೇಳಿ ನೋಡಿ, ಪ್ರತಿ ಪುಟದ ನಕಲು ಇಟ್ಟುಕೊಳ್ಳಿ. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ಈ ಕೆಲಸ ಮುಗಿಸಿ.