ಮಲಮಗಳ ಹುಟ್ಟುಹಬ್ಬಕ್ಕೆ ಏನು ಬರೆಯಬೇಕು?

ತಾಯಿ ಇಲ್ಲದ ಮಗುವಿಗೆ ವರ್ಷದಲ್ಲಿ ತಾಯಿ ಅತಿ ಹೆಚ್ಚು ನೆನಪಾಗುವ ದಿನಗಳಲ್ಲಿ ಅದರ ಹುಟ್ಟುಹಬ್ಬವೂ ಒಂದು. ಹೆತ್ತವಳು ಅವಳು, ನಾಮಕರಣದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡವಳು ಅವಳು, ಪ್ರತಿ ವರ್ಷ ಬೆಳಗ್ಗೆ ತಲೆಗೆ ಎಣ್ಣೆ ಒತ್ತಿ ನೀರು ಹಾಕುತ್ತಿದ್ದವಳೂ ಅವಳೇ. ಆ ಮನೆಗೆ ಹೊಸದಾಗಿ ಬಂದ ಹೆಂಗಸು ಪ್ರೀತಿಯಿಂದಲೇ ಒಂದು ಸಂದೇಶ ಬರೆಯಲು ಕೂರುತ್ತಾಳೆ. ಆದರೆ ಇಂಥ ದಿನವೇ ತಾನು ಬರೆಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆದಿರುವುದಿಲ್ಲ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹುಡುಗಿಗೆ ನಾಳೆ 14 ತುಂಬುತ್ತದೆ. ಅಮ್ಮ ತೀರಿಕೊಂಡು ಮೂರು ವರ್ಷವಾಗಿದೆ, ಅಪ್ಪ ಮತ್ತೆ ಮದುವೆಯಾಗಿ ಒಂದು ವರ್ಷ. ಮನೆಯಲ್ಲಿ ಜಗಳವೇನೂ ಇಲ್ಲ. ಹುಡುಗಿ ಹೊಸಬಳನ್ನು ಅಮ್ಮ ಎನ್ನುವುದಿಲ್ಲ, ಚಿಕ್ಕಮ್ಮ ಎನ್ನುವುದಿಲ್ಲ, ಆಂಟಿ ಎಂದೂ ಅನ್ನುವುದಿಲ್ಲ. "ಅಪ್ಪ ಕರೀತಿದ್ದಾರೆ", "ಊಟಕ್ಕೆ ಬನ್ನಿ" ಎಂದು ಯಾವ ಹೆಸರೂ ಇಲ್ಲದೆ ಮಾತು ಮುಗಿಸುತ್ತಾಳೆ. ಎರಡನೇ ಮದುವೆಯ ಮನೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಆಕೆ ರಾತ್ರಿ ಫೋನಿನಲ್ಲಿ ಹೀಗೆ ಬರೆಯುತ್ತಾಳೆ:

"ನನ್ನ ಮುದ್ದು ಮಗಳೇ, ಹುಟ್ಟುಹಬ್ಬದ ಶುಭಾಶಯಗಳು! ನಾನು ನಿನ್ನನ್ನು ಹೆರದಿದ್ದರೂ ನೀನು ನನ್ನ ಹೃದಯದಲ್ಲಿ ಹುಟ್ಟಿದವಳು. ನಿನ್ನ ಅಮ್ಮ ಎಲ್ಲಿದ್ದರೂ ನಮ್ಮಿಬ್ಬರನ್ನು ನೋಡಿ ಸಂತೋಷಪಡುತ್ತಿರುತ್ತಾಳೆ. ಈ ವರ್ಷದಿಂದಾದರೂ ನನ್ನನ್ನು ಅಮ್ಮ ಅಂತ ಕರೀತೀಯಾ? ಲವ್ ಯೂ. – ಅಮ್ಮ."

ಇದರಲ್ಲಿ ಕೆಟ್ಟ ಮನಸ್ಸು ಒಂದಿಷ್ಟೂ ಇಲ್ಲ. ಆದರೂ ಹುಡುಗಿ ಇದನ್ನು ಓದಿ ಫೋನ್ ಮಗುಚಿಡುತ್ತಾಳೆ. ಯಾಕೆಂದರೆ ಹಾರೈಕೆಯ ಜೊತೆಗೆ ಇಲ್ಲಿ ಮೂರು ನಾಲ್ಕು ಬೇಡಿಕೆಗಳೂ ಇವೆ. "ಹೃದಯದಲ್ಲಿ ಹುಟ್ಟಿದವಳು" ಎಂಬ ಮಾತು ಅವಳ ಹುಟ್ಟಿನ ಕಥೆಯಲ್ಲಿ ಬರೆದವಳನ್ನು ತಂದು ನಿಲ್ಲಿಸುತ್ತದೆ. ತೀರಿಹೋದ ತಾಯಿಗೆ ಸಂತೋಷವಾಗುತ್ತಿದೆ ಎಂದು ಹೇಳುವ ಹಕ್ಕು ಮಗಳಿಗೆ, ಅಪ್ಪನಿಗೆ, ಅಜ್ಜಿಗೆ ಇದ್ದೀತು, ಆ ತಾಯಿಯನ್ನು ಕಾಣದವಳಿಗೆ ಇಲ್ಲ. "ಈ ವರ್ಷದಿಂದಾದರೂ" ಎಂಬುದರಲ್ಲಿ ಕಳೆದ ವರ್ಷದ ದೂರು ಅಡಗಿದೆ. "ಲವ್ ಯೂ" ಎಂದವರಿಗೆ ತಿರುಗಿ ಅದನ್ನೇ ಹೇಳದಿದ್ದರೆ ಒರಟುತನ, ಹೇಳಿದರೆ ಸುಳ್ಳು. ಹುಟ್ಟುಹಬ್ಬದ ಬೆಳಗ್ಗೆ ಮಗುವನ್ನು ಇಂಥ ಇಕ್ಕಟ್ಟಿಗೆ ಸಿಕ್ಕಿಸಬಾರದು.

ಮಲಕುಟುಂಬಗಳ ಜೊತೆ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಪೇಪರ್ನೋ ಈ ಇಕ್ಕಟ್ಟನ್ನು ನಿಷ್ಠೆಯ ಗಂಟು ಎಂಬ ಅರ್ಥದಲ್ಲಿ ವಿವರಿಸುತ್ತಾರೆ. ಹೊಸಬಳನ್ನು ಇಷ್ಟಪಟ್ಟರೆ ಹೆತ್ತವಳಿಗೆ ದ್ರೋಹ ಬಗೆದ ಹಾಗೆ ಎಂದು ಮಗುವಿಗೆ ಅನ್ನಿಸುತ್ತದೆ. ಇದರಲ್ಲಿ ಒಂದು ವಿಚಿತ್ರವಿದೆ: ಹೊಸಬಳು ಒಳ್ಳೆಯವಳಾದಷ್ಟೂ ಗಂಟು ಬಿಗಿಯಾಗಬಹುದು. ಕೆಟ್ಟವಳನ್ನು ದೂರ ಇಡುವುದು ಸುಲಭ. ಅಂದರೆ ಹುಡುಗಿಯ ಮೌನ ತಿರಸ್ಕಾರವೇ ಆಗಿರಬೇಕಿಲ್ಲ. ಆಕೆ ಇಷ್ಟವಾಗಲು ಶುರುವಾಗಿರುವುದರ ಗುರುತೂ ಅದಿರಬಹುದು.

ಇನ್ನೊಂದು ಅಧ್ಯಯನವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಿಸೌರಿ ವಿಶ್ವವಿದ್ಯಾಲಯದ ಲಾರೆನ್ಸ್ ಗಾನಾಂಗ್, ಮೆರಿಲಿನ್ ಕೋಲ್ಮನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಈ ಅಧ್ಯಯನ, ಮಲತಂದೆ ಮಲತಾಯಿಯರು ಮಕ್ಕಳ ಒಲವು ಗಳಿಸಲು ಏನೇನು ಮಾಡುತ್ತಾರೆ ಎಂಬುದನ್ನು ನೋಡಿತು. ಮದುವೆಗೆ ಮುಂಚೆ ಮಾತ್ರ ಓಲೈಸಿ ಆಮೇಲೆ ಹಿರಿತನ ತೋರಿಸಲು ಹೊರಟವರಿಗಿಂತ, ಮದುವೆಯ ನಂತರವೂ ಅದನ್ನು ಬಿಡದೆ ಮುಂದುವರಿಸಿದವರು ಮಕ್ಕಳಿಗೆ ಹತ್ತಿರವಾಗಿದ್ದರು. ಹೆಚ್ಚು ಫಲ ಕೊಟ್ಟದ್ದು ಮಗುವಿಗೆ ಇಷ್ಟವಾದದ್ದನ್ನು ಇಬ್ಬರೇ ಕೂಡಿ ಮಾಡುವುದು. ಸಂದೇಶ ಬರೆಯುವವರಿಗೆ ಇದರಿಂದ ಸಿಗುವ ಸುಳಿವೆಂದರೆ, ನಮ್ಮ ಪ್ರೀತಿ ಎಷ್ಟು ದೊಡ್ಡದು ಎಂದು ಹೇಳುವುದನ್ನು ಬಿಟ್ಟು ಮಗುವಿನ ಆಸಕ್ತಿಯನ್ನು ನಾವು ಗಮನಿಸಿದ್ದೇವೆ ಎಂದು ತೋರಿಸುವುದು ಲೇಸು.

ಹಾಗಾದರೆ ಅದೇ ಹೆಂಗಸು ಮತ್ತೆ ಬರೆಯಲಿ:

"ಹದಿನಾಲ್ಕು ತುಂಬಿತು, ಹುಟ್ಟುಹಬ್ಬದ ಶುಭಾಶಯಗಳು. ಮೊನ್ನೆ ಕರೆಂಟ್ ಹೋದಾಗ ನೀನು ತಾತನಿಗೆ ಚೆಸ್ ಹೇಳಿಕೊಡ್ತಾ ಇದ್ದದ್ದು ಅಡುಗೆಮನೆಗೆ ಕೇಳಿಸ್ತಾ ಇತ್ತು. ಕುದುರೆ ಹೇಗೆ ನಡೆಯುತ್ತೆ ಅಂತ ನನಗೂ ಆವತ್ತೇ ಗೊತ್ತಾಗಿದ್ದು. ಸಂಜೆ ಅಜ್ಜಿ ಮನೆಗೆ ಕರ್ಕೊಂಡು ಹೋಗೋಕೆ ಅಪ್ಪ ಐದು ಗಂಟೆಗೆ ಬರ್ತಾರೆ. ಈ ವರ್ಷ ನಿನಗೆ ಚೆನ್ನಾಗಿರಲಿ."

ಕೆಳಗೆ ತನ್ನ ಹೆಸರು, ಅಷ್ಟೇ. ಮಗು ಆಂಟಿ ಎನ್ನುತ್ತಿದ್ದರೆ ಆಂಟಿ ಎಂದು, ಚಿಕ್ಕಮ್ಮ ಎನ್ನುತ್ತಿದ್ದರೆ ಹಾಗೆಯೇ ಬರೆಯಬಹುದು. ಮಗು ಬಳಸದ ಸಂಬಂಧವನ್ನು ಸಹಿಯಲ್ಲಿ ತುರುಕಬಾರದು.

ಈ ನಾಲ್ಕೈದು ಸಾಲಿನಲ್ಲಿ ಬೆಚ್ಚಗಿರುವುದು ಚೆಸ್ಸಿನ ಮಾತು. ಅದು ಸಣ್ಣದು, ನಿಜವಾಗಿ ನಡೆದದ್ದು, ಬೇರೆ ಯಾವ ಹುಡುಗಿಗೂ ಹೊಂದದ್ದು. "ನೀನು ತುಂಬಾ ಜಾಣೆ, ಸುಂದರಿ" ಎಂದು ಯಾರು ಬೇಕಾದರೂ ಬರೆದಾರು, ಹದಿನಾಲ್ಕರ ವಯಸ್ಸಿಗೆ ಅದು ಓಲೈಕೆಯೆಂದು ತಕ್ಷಣ ಗೊತ್ತಾಗುತ್ತದೆ. ಅಜ್ಜಿ ಮನೆಯ ಸಾಲು ಒಣ ಮಾಹಿತಿಯಂತೆ ಕಂಡರೂ ಅದರ ಕೆಲಸ ದೊಡ್ಡದು. ಅಮ್ಮನ ಕಡೆಯವರ ಜೊತೆ ಈ ದಿನ ಕಳೆಯಲು ನನ್ನ ಅಡ್ಡಿಯಿಲ್ಲ ಎಂಬುದನ್ನು ಹೆಸರೆತ್ತದೆ ತಿಳಿಸುತ್ತದೆ. ಸಂದೇಶದಲ್ಲಿ ಒಂದೂ ಪ್ರಶ್ನೆಯಿಲ್ಲ, ಹಾಗಾಗಿ ಉತ್ತರದ ಸಾಲವೂ ಇಲ್ಲ. "ಉತ್ತರ ಬರೆಯದಿದ್ದರೂ ಪರವಾಗಿಲ್ಲ" ಎಂದು ಸೇರಿಸಲು ಕೈ ತುಡಿಯುತ್ತದೆ, ಬೇಡ. ಹಾಗೆಂದರೆ ಉತ್ತರಕ್ಕೆ ಕಾಯುತ್ತಿದ್ದೇನೆ ಎಂದು ಹೇಳಿದಂತೆಯೇ.

ಮುದ್ದಿನ ಹೆಸರುಗಳ ಬಗ್ಗೆ ಎಚ್ಚರ ಬೇಕು. ಪುಟ್ಟಿ, ಚಿನ್ನು, ಬಂಗಾರಿ ಎಂದು ಅಮ್ಮ ಕರೆಯುತ್ತಿದ್ದಿದ್ದರೆ ಆ ಹೆಸರು ಅಮ್ಮನದೇ. ಇದನ್ನು ಗಂಡನನ್ನು ಕೇಳಿ ತಿಳಿಯಬಹುದು, ಮಗುವನ್ನು ಕೇಳಬೇಕಿಲ್ಲ.

ಎಲ್ಲಿ ಕಳಿಸುತ್ತೀರಿ ಎಂಬುದು ಏನು ಬರೆದಿರಿ ಎಂಬುದರಷ್ಟೇ ಮುಖ್ಯ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಇಬ್ಬರ ಫೋಟೊ ಹಾಕಿ "ನನ್ನ ಮಗಳು" ಎಂದು ಬರೆದರೆ ಅದನ್ನು ಅಮ್ಮನ ತಂಗಿ, ಸೋದರಮಾವ, ಶಾಲೆಯ ಗೆಳತಿಯರು ಎಲ್ಲರೂ ನೋಡಬಹುದು. ಹುಡುಗಿ ಆಮೇಲೆ ಅವರಿಗೆಲ್ಲ ಉತ್ತರ ಹೇಳಬೇಕು. ಫ್ಯಾಮಿಲಿ ಗ್ರೂಪೂ ಬೇಡ. ಅಲ್ಲಿ ಯಾರಾದರೊಬ್ಬರು "ಅಮ್ಮಂಗೆ ಥ್ಯಾಂಕ್ಸ್ ಹೇಳಮ್ಮಾ" ಎಂದು ಬರೆದೇ ಬರೆಯುತ್ತಾರೆ. ನಮ್ಮ ಕಡೆ ಎರಡನೇ ಮದುವೆಗೆ "ಮಗುವಿಗೊಬ್ಬಳು ತಾಯಿ ಬೇಕು" ಎಂಬುದೇ ಎಷ್ಟೋ ಸಲ ಕಾರಣವಾಗಿರುವುದರಿಂದ, ತಾಯಿ ಬಂದಾಯಿತು ಎಂದು ಸಾಬೀತುಪಡಿಸುವ ಅವಸರ ನೆಂಟರಿಗೆ ಹೆಚ್ಚು. ಸಂಜೆಯ ಆರತಿಯ ಹೊತ್ತಿಗೆ "ಅಮ್ಮನ ಕಾಲಿಗೆ ಬೀಳು" ಎಂದು ಹಿರಿಯರು ಒತ್ತಾಯಿಸಿದರೆ ತಡೆಯಬೇಕಾದವನು ಅಪ್ಪ. ಹೊಸಬಳಿಗೆ ಆ ಮಾತು ಕಷ್ಟ. ನೇರ ಸಂದೇಶವೋ, ಪುಸ್ತಕಗಳ ಮೇಲೆ ಇಟ್ಟ ಪುಟ್ಟ ಕಾರ್ಡೋ ಸಾಕು. ಕಾರ್ಡಿನಲ್ಲಿ ಒಂದು ಅನುಕೂಲವಿದೆ: ಓದಿದರೋ ಇಲ್ಲವೋ ಎಂದು ತಿಳಿಸುವ ನೀಲಿ ಗುರುತು ಅದಕ್ಕಿಲ್ಲ.

ತಂದೆ ತಾಯಿ ಬೇರೆಯಾಗಿ, ತಾಯಿ ಇನ್ನೊಂದು ಮನೆಯಲ್ಲಿ ಬದುಕಿರುವಾಗ ಮೊದಲ ಹಾರೈಕೆ ಅವಳದಾಗಲಿ. ರಾತ್ರಿ ಹನ್ನೆರಡಕ್ಕೇ ಕಳಿಸುವ ಪೈಪೋಟಿ ಬೇಡ, ಬೆಳಗಿನ ತಿಂಡಿಯ ಹೊತ್ತು ಚೆನ್ನಾಗಿದೆ. ನಾಲ್ಕೈದು ವರ್ಷದ ಮಗುವಾದರೆ ಈ ಲೆಕ್ಕವೆಲ್ಲ ಅಷ್ಟು ಬಿಗಿಯಲ್ಲ, ಸಣ್ಣ ಮಕ್ಕಳು ಹೊಸಬರಿಗೆ ಬೇಗ ಒಗ್ಗುತ್ತಾರೆ. ಹದಿಹರೆಯದವರಿಗೆ ಹೆಚ್ಚು ಸಮಯ ಬೇಕು.

ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂದೀತು, "ಥ್ಯಾಂಕ್ಸ್" ಎಂದಷ್ಟೇ ಬಂದೀತು, ಏನೂ ಬಾರದೆಯೂ ಇದ್ದೀತು. "ಮೆಸೇಜ್ ನೋಡಿದ್ಯಾ?" ಎಂದು ಕೇಳಬೇಡಿ, ಗಂಡನ ಮೂಲಕವೂ ಕೇಳಿಸಬೇಡಿ. ಅವಳೇ ಎಂದಾದರೂ ಚೆಸ್ ಬೋರ್ಡ್ ತಂದು ಎದುರು ಕೂತರೆ ಆಟ ಆಡಿ, ಸಂದೇಶದ ಮಾತು ತೆಗೆಯಬೇಡಿ. ಏನೂ ಬಾರದಿದ್ದರೂ ಮುಂದಿನ ವರ್ಷ ಇಷ್ಟೇ ಉದ್ದದ ಇನ್ನೊಂದು ಸಂದೇಶ ಕಳಿಸಿ. ಹೊಂದಿಕೊಳ್ಳಲು ಬೇಗ ದಾರಿ ಕಂಡುಕೊಂಡ ಮಲಕುಟುಂಬಗಳಿಗೂ ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ ಎನ್ನುತ್ತಾರೆ ಪೇಪರ್ನೋ. ನಮ್ಮ ಈ ಮನೆಯಲ್ಲಿ ಇನ್ನೂ ಮೊದಲ ವರ್ಷ ಮುಗಿದಿದೆ.