ಕರಾರಿನಲ್ಲಿ ಕೂತಿರುವ ‘ಬಹುದು’

ಕಾಮಗಾರಿ ಗುತ್ತಿಗೆಗಳಲ್ಲೂ ಪಾಲುದಾರಿಕೆ ಪತ್ರಗಳಲ್ಲೂ ಕೊನೆಯ ಹೊತ್ತಿಗೆ ಒಂದು ಷರತ್ತು ಸಿಗುತ್ತದೆ: ‘ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಬಹುದು’. ಸಹಿ ಹಾಕುವವರು ಇದನ್ನು ಭರವಸೆ ಎಂದೇ ಓದಿಕೊಳ್ಳುತ್ತಾರೆ. ಜಗಳ ಬಂದ ದಿನ ಅದು ಕೈಕೊಡುವ ಸಂಭವವೇ ಹೆಚ್ಚು.

ಈಸ್ಟರ್ನ್ ಕೋಲ್‌ಫೀಲ್ಡ್ಸ್ ಪ್ರಕರಣವನ್ನೇ ನೋಡಿ. ಅಲ್ಲಿನ ಗುತ್ತಿಗೆಯ 13ನೇ ಷರತ್ತಿನ ಪ್ರಕಾರ ಸರ್ಕಾರೇತರ ಗುತ್ತಿಗೆದಾರರು ಮಧ್ಯಸ್ಥಿಕೆ ಕಾಯ್ದೆಯ ಮೂಲಕ ಪರಿಹಾರ ಕೋರಬಹುದಿತ್ತು. ಆದರೆ ಮಧ್ಯಸ್ಥಗಾರರನ್ನು ನೇಮಿಸಿ ಎಂದು ಗುತ್ತಿಗೆದಾರರು ಕೇಳಿದಾಗ ಕಲ್ಕತ್ತಾ ಹೈಕೋರ್ಟ್ ಒಪ್ಪಲಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಷರತ್ತಿನಲ್ಲಿ ‘ಬಹುದು’ ಎಂಬರ್ಥದಲ್ಲಿದ್ದ ಇಂಗ್ಲಿಷಿನ ‘ಮೇ’ ಇಬ್ಬರನ್ನೂ ಕಟ್ಟಿಹಾಕುವ ಒಪ್ಪಂದವಲ್ಲ, ಮುಂದೆ ಒಪ್ಪಿಕೊಳ್ಳಲು ಇರುವ ಅವಕಾಶ ಮಾತ್ರ.

ಭಾಷಾತಜ್ಞರು ಇದನ್ನು ಸರಳವಾಗಿ ಪರೀಕ್ಷಿಸುತ್ತಾರೆ. ವಾಕ್ಯಕ್ಕೆ ‘ಒಪ್ಪಿಸದೆಯೂ ಇರಬಹುದು’ ಎಂದು ಜೋಡಿಸಿ ನೋಡಿ. ‘ಒಪ್ಪಿಸತಕ್ಕದ್ದು, ಒಪ್ಪಿಸದೆಯೂ ಇರಬಹುದು’ ಎಂದರೆ ವಾಕ್ಯ ತನ್ನನ್ನೇ ಅಲ್ಲಗಳೆಯುತ್ತದೆ. ‘ಒಪ್ಪಿಸಬಹುದು, ಒಪ್ಪಿಸದೆಯೂ ಇರಬಹುದು’ ಎಂದರೆ ಯಾವ ವಿರೋಧವೂ ಇಲ್ಲ. ಇಲ್ಲಿ ಕಡ್ಡಾಯವೇ ಇಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗೆಂದು ‘ತಕ್ಕದ್ದು’ ಬರೆದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಸುಪ್ರೀಂ ಕೋರ್ಟ್ 2007ರಲ್ಲಿ ತೀರ್ಪು ಕೊಟ್ಟ ಜಗದೀಶ್ ಚಂದರ್ ಪ್ರಕರಣದ ಪಾಲುದಾರಿಕೆ ಪತ್ರದಲ್ಲಿ ಕಡ್ಡಾಯದ ‘ಶಲ್’ ಇತ್ತು. ಅದರ ಬೆನ್ನಿಗೇ ‘ಪಕ್ಷಗಾರರು ಹಾಗೆ ತೀರ್ಮಾನಿಸಿದರೆ’ ಎಂಬ ಮಾತೂ ಇತ್ತು. ಆ ‘ರೆ’ಯ ವ್ಯಾಪ್ತಿಗೆ ಇಡೀ ಕಡ್ಡಾಯವೇ ಸಿಕ್ಕಿಬಿತ್ತು. ಹೊಸದಾಗಿ ಇಬ್ಬರೂ ಒಪ್ಪದ ಹೊರತು ಕಡ್ಡಾಯ ಹುಟ್ಟುವುದೇ ಇಲ್ಲ. ಕೋರ್ಟ್ ಅದನ್ನು ಮಧ್ಯಸ್ಥಿಕೆ ಒಪ್ಪಂದವೆಂದು ಮನ್ನಿಸಲಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇಂಥ ವಾಕ್ಯವೇ, ಏಕೆಂದರೆ ಮೇಲ್ನೋಟಕ್ಕೆ ಅದು ಗಟ್ಟಿಯಾಗಿಯೇ ಕಾಣುತ್ತದೆ.

ಕರ್ತೃಪದವೂ ಅರ್ಥವನ್ನು ತಿರುಗಿಸಬಲ್ಲದು. ಬ್ರಿಟಿಷ್ ವರ್ಜಿನ್ ದ್ವೀಪಗಳಿಂದ ಬಂದ ಆನ್ಜೆನ್ ಮೇಲ್ಮನವಿಯಲ್ಲಿ ‘ಯಾವುದೇ ಪಕ್ಷಗಾರರು ಒಪ್ಪಿಸಬಹುದು’ ಎಂಬಂಥ ಷರತ್ತಿತ್ತು. ಒಬ್ಬರು ಆ ಆಯ್ಕೆ ಮಾಡಿಕೊಂಡರೆ ಇನ್ನೊಬ್ಬರು ಮಧ್ಯಸ್ಥಿಕೆಗೆ ಬದ್ಧರು ಎಂದು ಪ್ರಿವಿ ಕೌನ್ಸಿಲ್ 2016ರಲ್ಲಿ ಹೇಳಿತು. ಅಲ್ಲಿದ್ದದ್ದೂ ‘ಮೇ’ ಪದವೇ. ಆದರೆ ಆಯ್ಕೆ ಯಾರದು ಎಂಬುದನ್ನು ವಾಕ್ಯವೇ ಹೇಳಿತ್ತು. ನಮ್ಮ ‘ಒಪ್ಪಿಸಬಹುದು’ ಅದನ್ನೇ ನುಂಗಿಬಿಡುತ್ತದೆ. ಆ ತೀರ್ಪು ಭಾರತದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ ಎಂಬುದೂ ನೆನಪಿರಲಿ. ವಾಕ್ಯಕ್ಕೆ ಎಷ್ಟು ಅರ್ಥಗಳಿವೆ ಎಂದು ಭಾಷಾವಿಶ್ಲೇಷಣೆ ತೋರಿಸಬಲ್ಲದೇ ಹೊರತು, ಯಾವುದು ನಿಲ್ಲುತ್ತದೆ ಎಂದು ತೀರ್ಮಾನಿಸುವುದು ನ್ಯಾಯಾಲಯ.

ಇಂಥ ದ್ವಂದ್ವಾರ್ಥವನ್ನು ವಾಕ್ಯ ತಿದ್ದಿ ಸರಿಪಡಿಸಬಹುದು, ‘ಸೂಕ್ತ ಕಾಲದಲ್ಲಿ’ ಎಂಬಂಥ ಅಸ್ಪಷ್ಟತೆಯ ಪಾಡು ಬೇರೆ. ವಾಕ್ಯವನ್ನು ಹೇಗೆ ತಿರುಗಿಸಿದರೂ ಅದು ತಿಳಿಯಾಗದು, 30 ದಿನ ಎಂದು ಅಂಕಿಯನ್ನೇ ಬರೆಯಬೇಕು.

ಹಳೆಯ ಕರಾರಿನಿಂದ ಈ ‘ಬಹುದು’ ಷರತ್ತನ್ನು ಹಾಗೆಯೇ ನಕಲು ಮಾಡಿದವರು ಮುಂದೊಂದು ದಿನ ಮಧ್ಯಸ್ಥಿಕೆ ಬೇಡಿ ಹೈಕೋರ್ಟಿಗೆ ಅಲೆದು, ಅಲ್ಲಿ ಸೋತು, ಮತ್ತೆ ಮೊದಲಿನಿಂದ ಸಿವಿಲ್ ದಾವೆ ಹೂಡಬೇಕಾದೀತು. ಅಷ್ಟರಲ್ಲಿ ವರ್ಷಗಳೇ ಉರುಳಿರುತ್ತವೆ. ಸಂಬಂಧ ಚೆನ್ನಾಗಿರುವಾಗಲೇ ‘ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸತಕ್ಕದ್ದು, ಮಧ್ಯಸ್ಥಗಾರರ ತೀರ್ಪಿಗೆ ಇಬ್ಬರೂ ಬದ್ಧರು’ ಎಂಬ ತಿದ್ದುಪಡಿ ಪತ್ರಕ್ಕೆ ಇಬ್ಬರ ಸಹಿಯನ್ನೂ ಪಡೆಯಿರಿ. ಬಿಲ್ಲಿನ ಹಣ ತಡೆಹಿಡಿದ ಮೇಲೆ ಎದುರು ಪಕ್ಷ ಆ ಸಹಿ ಹಾಕುವುದಿಲ್ಲ.