ಬಹಿರಂಗ ದೂರಿಗೆ ಉತ್ತರ: ಎಷ್ಟು ಬರೆಯಬೇಕು, ಎಲ್ಲಿ ನಿಲ್ಲಿಸಬೇಕು

ಗೂಗಲ್ ನಕ್ಷೆಯಲ್ಲಿ ತಮ್ಮ ಸಂಸ್ಥೆಯ ಹೆಸರಿನ ಕೆಳಗೆ ಗ್ರಾಹಕರು ದೂರು ಬರೆದೊಡನೆ ಹಲವು ವರ್ತಕರು ಅದನ್ನು ಮೊಕದ್ದಮೆಯೆಂದೇ ಭಾವಿಸಿ, ಲೆಕ್ಕದ ಪುಸ್ತಕವನ್ನೇ ಅಲ್ಲಿ ಬಿಚ್ಚಿಡುತ್ತಾರೆ. ಇದರಿಂದ ಸಣ್ಣ ದೂರೊಂದು ಕಾನೂನಿನ ತೊಡಕಾಗಿ ಬೆಳೆಯಬಹುದು.

ಉಕ್ಕಿನ ಬೀರು ತಯಾರಿಸುವ ಒಂದು ಸಣ್ಣ ಘಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗ್ರಾಹಕರೊಬ್ಬರು ಒಂದೇ ನಕ್ಷತ್ರ ಕೊಟ್ಟು, "ಬಾಗಿಲು ಮುಚ್ಚುವುದಿಲ್ಲ, ಫೋನ್ ಮಾಡಿದರೂ ಯಾರೂ ಬರಲಿಲ್ಲ" ಎಂದು ಬರೆದಿದ್ದಾರೆ. ಅವರ ಬಡಾವಣೆಯ ಹೆಸರನ್ನೂ ಎರಡು ಸಾವಿರ ರೂಪಾಯಿಯ ಬಾಕಿಯನ್ನೂ ಎತ್ತಿ ಉತ್ತರಿಸಬೇಕೆಂದು ಮಾಲೀಕರಿಗೆ ಅನ್ನಿಸುವುದು ಸಹಜ. ಬಾಕಿ ನಿಜವೇ ಇರಬಹುದು. ಆದರೆ ಗ್ರಾಹಕರು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಅನ್ಯರಿಗೆ ತಿಳಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ.

ಆದುದರಿಂದ ಮೊದಲು ಬಿಲ್ಲನ್ನು ಹುಡುಕಿ, ಬೀರು ಇಳಿಸಿದ ಕೆಲಸಗಾರನನ್ನು ವಿಚಾರಿಸಬೇಕು. ನೆಲ ಸಮತಟ್ಟಾಗಿರದಿದ್ದರೆ ಒಳ್ಳೆಯ ಬೀರುವಿನ ಬಾಗಿಲೂ ಓರೆಯಾಗುತ್ತದೆ. ಕಾಲಿನಡಿ ಒಂದು ಬಿಲ್ಲೆ ಇಟ್ಟರೆ ಸರಿಹೋಗುವುದುಂಟು. ಹಾಗೆಂದು ಪರೀಕ್ಷಿಸುವ ಮೊದಲೇ "ದೋಷ ನಿಮ್ಮ ನೆಲದ್ದು" ಎಂದು ಬರೆಯಲಾಗದು. "ದೋಷ ನಮ್ಮದೇ" ಎಂದು ಒಪ್ಪಿಕೊಳ್ಳುವುದಕ್ಕೂ ಆಗ ಆಧಾರವಿರುವುದಿಲ್ಲ. ಬಹಿರಂಗ ಉತ್ತರ ಇಷ್ಟಿದ್ದರೆ ಸಾಕು:

"ನಮಸ್ಕಾರ. ತಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಮ್ಮ ಕೆಲಸಗಾರರನ್ನು ಕಳುಹಿಸಿ ಬಾಗಿಲನ್ನು ಪರೀಕ್ಷಿಸಲು ಸಿದ್ಧರಿದ್ದೇವೆ. ದಯವಿಟ್ಟು ಬಿಲ್ಲಿನಲ್ಲಿರುವ ದೂರವಾಣಿಗೆ ಕರೆ ಮಾಡಿ, ಮಾಲೀಕನಾದ ನನ್ನೊಡನೆಯೇ ಮಾತನಾಡಬೇಕಾಗಿ ವಿನಂತಿ."

ಕರೆ ಬಂದಾಗ ಫೋನ್ ಎತ್ತುವವರಿಲ್ಲದಿದ್ದರೆ ಈ ಉತ್ತರವೇ ಎರಡನೆಯ ದೂರಿಗೆ ಕಾರಣವಾಗುತ್ತದೆ. ಮಾತುಕತೆಯಲ್ಲಿ "ದೂರು ಅಳಿಸಿದರೆ ಹಣ ಕೊಡುತ್ತೇವೆ" ಎಂಬ ಷರತ್ತನ್ನು ಹಾಕಲೇಬಾರದು; ಗೂಗಲ್ ನಿಯಮವೂ ಅದನ್ನು ನಿಷೇಧಿಸಿದೆ. ವಸ್ತುವೇ ದೋಷಯುಕ್ತವೆಂದು ಕಂಡುಬಂದರೆ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಅದನ್ನು ಹಿಂಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದೂ ಅದೇ ಕಾಯ್ದೆಯಡಿ ಅನುಚಿತ ಪದ್ಧತಿ.

ಬಾಗಿಲಿನ ದೋಷಕ್ಕಾಗಿ ಬೆಲೆಯಲ್ಲಿ 1,000 ರೂಪಾಯಿ ಇಳಿಸಲು ಇಬ್ಬರೂ ಒಪ್ಪಿದರೆನ್ನಿ. ಬಾಯಿಮಾತಿನಲ್ಲಿ ಮುಗಿಸದೆ, ಮೂಲ ಬಿಲ್ಲಿಗೆ ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಂತೆ ಕ್ರೆಡಿಟ್ ನೋಟ್ ಬರೆಯಬೇಕು. ಶೇ. 18ರ ದರದಲ್ಲಿ ತೆರಿಗೆಯೂ 180 ರೂಪಾಯಿ ಇಳಿಯುತ್ತದೆ. ಆ ತೆರಿಗೆಯನ್ನೂ ಗ್ರಾಹಕರಿಗೆ ಬಿಟ್ಟುಕೊಟ್ಟರೆ ಮಾತ್ರ ನಮ್ಮ ತೆರಿಗೆ ಹೊಣೆ ತಗ್ಗುವುದರಿಂದ, ಒಟ್ಟು 1,180 ರೂಪಾಯಿಗಳನ್ನು ಬಾಕಿಯಿಂದ ಕಳೆಯತಕ್ಕದ್ದು. ಉಳಿದ 820 ರೂಪಾಯಿಗಳ ವಸೂಲಿಯನ್ನು ಬಾಗಿಲು ಸರಿಹೋದ ದಿನವೇ ಕೇಳಬಹುದು.